ನುಣುಪು ಎಲ್ಲಿಂದ ಬರುತ್ತದೆ: ಆಕ್ಷೇಪಗಳಿಗೆ ಉತ್ತರ

ಯಂತ್ರ ಬರೆದ ಕನ್ನಡ ಏಕೆ ಅಷ್ಟು ನುಣುಪಾಗಿರುತ್ತದೆ ಎಂದು ಕೇಳುವ ಹೊಸಬರಿಗೆ ನಾನು ಹೇಳುವುದು ಒಂದೇ ಮಾತು. ಇಲ್ಲಿಯವರೆಗೆ ಬಂದ ಪದಗಳಾದ ಮೇಲೆ ಯಾವ ಪದ ಬರುವ ಸಂಭವ ಎಷ್ಟು ಎಂದು ಅದು ಲೆಕ್ಕ ಹಾಕುತ್ತದೆ, ಹೆಚ್ಚು ಸಂಭವವಿರುವ ಪದಗಳಲ್ಲಿ ಒಂದನ್ನು ಇಡುತ್ತದೆ, ಮತ್ತೆ ಅದೇ ಲೆಕ್ಕಕ್ಕೆ ತೊಡಗುತ್ತದೆ. ಜನ ರೂಢಿಯಲ್ಲಿ ಬರೆಯುವ ಕ್ರಮದಲ್ಲೇ ಪದದ ಹಿಂದೆ ಪದ ಬರುವುದರಿಂದ ಓದುವವರು ಎಲ್ಲೂ ಎಡವುವುದಿಲ್ಲ. ಆ ನುಣುಪಿಗೂ ಹೇಳಿದ ಸಂಗತಿ ನಿಜವೇ ಎಂಬುದಕ್ಕೂ ನೇರ ಸಂಬಂಧವಿಲ್ಲ.

ಕಲಬುರಗಿಯಲ್ಲಿ ಪದವಿ ವಿದ್ಯಾರ್ಥಿಗಳಿಗೂ ಕಮಲಾಪುರದಲ್ಲಿ ಬಾಳೆ ಬೆಳೆಯುವ ಮನೆಗಳ ಹುಡುಗ ಹುಡುಗಿಯರಿಗೂ ಇದನ್ನೇ ಹೇಳುತ್ತ ಬಂದಿದ್ದೇನೆ. ಕೇಳಿದವರಲ್ಲಿ ಕೆಲವರು ಒಪ್ಪಲಿಲ್ಲ. ಒಪ್ಪದವರು ಓದಿಕೊಂಡವರು, ಯೋಚನೆ ಮಾಡಿಯೇ ಮಾತಾಡಿದವರು. ಆದ್ದರಿಂದ ಅವರ ಒಂದೊಂದು ಮಾತನ್ನೂ ಎತ್ತಿಕೊಂಡು ಉತ್ತರಿಸುವುದು ನನ್ನ ಕರ್ತವ್ಯ.

ಮೊದಲ ಆಕ್ಷೇಪ ಹಿರಿಯ ಅಧ್ಯಾಪಕರೊಬ್ಬರದು. “ವಿಷಯ ಗೊತ್ತಿಲ್ಲದವರ ಬರವಣಿಗೆ ತಡವರಿಸತದ. ಓದದೇ ಪರೀಕ್ಷಾಕ್ಕ ಬಂದ ಹುಡುಗನ್ನ ನಾ ಎರಡನೇ ಸಾಲಿನ್ಯಾಗೇ ಹಿಡೀತೀನಿ. ಈ ಯಂತ್ರ ಎಲ್ಲೂ ತಡವರಿಸಂಗಿಲ್ಲ. ಅಂದಮ್ಯಾಲ ಅದಕ್ಕ ವಿಷಯ ಗೊತ್ತದ ಅಂತನೇ ಅರ್ಥ.”

ಮನುಷ್ಯರ ಮಟ್ಟಿಗೆ ಅವರ ಮಾತು ಸರಿ. ವಾಕ್ಯ ಕಟ್ಟುವುದೂ ವಿಷಯ ನೆನಪಿಸಿಕೊಳ್ಳುವುದೂ ನಮ್ಮಲ್ಲಿ ಒಟ್ಟೊಟ್ಟಿಗೆ ನಡೆಯುತ್ತವೆ. ವಿಷಯ ಮುಗಿದ ಕಡೆ ವಾಕ್ಯವೂ ಕುಂಟುತ್ತದೆ. ಆದರೆ ವಿಷಯದ ಆಸರೆಯೇ ಇಲ್ಲದೆ ವಾಕ್ಯವೊಂದನ್ನೇ ಕಟ್ಟುವ ದಾರಿ ಇದೆಯೆಂದು ಕಾಗದದ ಮೇಲೆ ತೋರಿಸಬಹುದು. ಆರು ಚೀಟಿಗಳಲ್ಲಿ ಈ ಆರು ವಾಕ್ಯಗಳನ್ನು ಬರೆದುಕೊಳ್ಳಿ.

ಕಮಲಾಪುರದ ಕೆಂಪು ಬಾಳೆಗೆ ಬೇಡಿಕೆ ಇದೆ.
ಕಮಲಾಪುರದ ಕೆಂಪು ಬಾಳೆಗೆ ಒಳ್ಳೆ ರುಚಿ ಇದೆ.
ಕಮಲಾಪುರದ ಕೆಂಪು ಬಾಳೆಗೆ ಜಿಐ ಮಾನ್ಯತೆ ಇದೆ.
ಕಲಬುರಗಿಯ ತೊಗರಿ ಬೇಳೆಗೆ ಬೇಡಿಕೆ ಇದೆ.
ಕಲಬುರಗಿಯ ತೊಗರಿ ಬೇಳೆಗೆ ಒಳ್ಳೆ ರುಚಿ ಇದೆ.
ಕಲಬುರಗಿಯ ತೊಗರಿ ಬೇಳೆಗೆ ಒಳ್ಳೆ ಬೆಲೆ ಇದೆ.

ನಮ್ಮ ಚೀಟಿ ಯಂತ್ರಕ್ಕೆ ತಿಳಿದಿರುವುದು ಇಷ್ಟೇ. ಬಾಳೆ ಎಂದರೇನು, ಬೆಲೆ ಎಂದರೇನು ಎಂದು ಅದಕ್ಕೆ ಯಾರೂ ಹೇಳಿಲ್ಲ. ಅದು ಮಾಡಬೇಕಾದದ್ದು ಒಂದೇ ಕೆಲಸ: ಈಗ ಇಟ್ಟ ಪದದ ಮುಂದೆ ಚೀಟಿಗಳಲ್ಲಿ ಯಾವ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಿ, ಆ ಪ್ರಮಾಣಕ್ಕೆ ತಕ್ಕಂತೆ ಒಂದನ್ನು ಆರಿಸುವುದು.

“ಕಮಲಾಪುರದ” ಎಂದು ಶುರು ಮಾಡೋಣ. ಅದರ ಮುಂದೆ ಮೂರು ಸಲವೂ “ಕೆಂಪು” ಬಂದಿದೆ, ಬೇರೆ ದಾರಿಯಿಲ್ಲ. “ಕೆಂಪು” ಆದ ಮೇಲೆ ಮೂರು ಸಲವೂ “ಬಾಳೆಗೆ”. ಅಲ್ಲಿ ದಾರಿ ಕವಲೊಡೆಯುತ್ತದೆ. “ಬೇಡಿಕೆ”, “ಒಳ್ಳೆ”, “ಜಿಐ” ಒಂದೊಂದು ಸಲ ಬಂದಿವೆ, ಹಾಗಾಗಿ ಮೂರಕ್ಕೂ ಮೂರರಲ್ಲಿ ಒಂದು ಪಾಲು ಸಂಭವ. ಯಂತ್ರ “ಒಳ್ಳೆ” ಎಂಬುದನ್ನು ಆರಿಸಿತು ಎಂದುಕೊಳ್ಳಿ. “ಒಳ್ಳೆ” ಪದದ ಮುಂದೆ ಚೀಟಿಗಳಲ್ಲಿ ಎರಡು ಸಲ “ರುಚಿ”, ಒಂದು ಸಲ “ಬೆಲೆ” ಇದೆ. ಇಲ್ಲಿ “ಬೆಲೆ” ಬಂದರೆ ಹುಟ್ಟುವ ವಾಕ್ಯ ಇದು: ಕಮಲಾಪುರದ ಕೆಂಪು ಬಾಳೆಗೆ ಒಳ್ಳೆ ಬೆಲೆ ಇದೆ.

ಇದರಲ್ಲಿ ವ್ಯಾಕರಣದ ದೋಷವಿಲ್ಲ, ಓದಲು ತೊಡಕಿಲ್ಲ. ಆದರೆ ಈ ವಾಕ್ಯ ಆರು ಚೀಟಿಗಳಲ್ಲಿ ಯಾವುದರಲ್ಲೂ ಇಲ್ಲ. ಬಾಳೆಯ ಬೆಲೆಯ ಬಗ್ಗೆ ಯಾರೂ ಏನೂ ಬರೆದಿರಲಿಲ್ಲ. ತೊಗರಿಯ ವಾಕ್ಯದ ಬಾಲ ಬಂದು ಬಾಳೆಯ ವಾಕ್ಯಕ್ಕೆ ಅಂಟಿಕೊಂಡಿತು, ಎರಡಕ್ಕೂ ನಡುವೆ “ಒಳ್ಳೆ” ಎಂಬ ಪದ ಇದ್ದುದರಿಂದ. ಬಾಳೆಯಿಂದ ಹೊರಟರೆ ಈ ವಾಕ್ಯ ಬರುವ ಸಂಭವ ಮೂರನೇ ಒಂದರಲ್ಲಿ ಮತ್ತೆ ಮೂರನೇ ಒಂದು, ಅಂದರೆ ಒಂಬತ್ತರಲ್ಲಿ ಒಂದು. ಆ ವಾರ ಕಮಲಾಪುರದಲ್ಲಿ ಬಾಳೆ ಧಾರಣೆ ಏರಿರಲಿ, ಕುಸಿದಿರಲಿ, ಈ ಲೆಕ್ಕ ಬದಲಾಗುವುದಿಲ್ಲ.

ನಾನು ಅಧ್ಯಾಪಕರ ಮುಂದೆ ಇಟ್ಟದ್ದು ಇದನ್ನೇ. ಚೀಟಿ ಯಂತ್ರಕ್ಕೆ ಏನೂ ಗೊತ್ತಿಲ್ಲ ಎಂಬುದರಲ್ಲಿ ಅನುಮಾನವಿಲ್ಲ, ಅದನ್ನು ಕಟ್ಟಿದವರು ನಾವೇ. ಆದರೂ ಅದು ತಡವರಿಸಲಿಲ್ಲ. ಅಂದಮೇಲೆ ತಡವರಿಸದಿರುವುದು ತಿಳಿವಳಿಕೆಗೆ ಸಾಕ್ಷಿಯಾಗಲಾರದು. ಉತ್ತರಪತ್ರಿಕೆ ತಿದ್ದುವಾಗ ಅವರಿಗೆ ಇಷ್ಟು ವರ್ಷ ನೆರವಾದ ಗುರುತು ಇಲ್ಲಿ ಕೈಕೊಡುತ್ತದೆ, ಮತ್ತು ಅದು ಕೈಕೊಡುತ್ತದೆ ಎಂದು ಹೊಸಬರಿಗೆ ಮೊದಲ ದಿನವೇ ತಿಳಿದಿರಬೇಕು.

ಈ ಆಟ ನನ್ನ ಕಲ್ಪನೆಯಲ್ಲ. 1948ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ಸಂವಹನದ ಗಣಿತದ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಹೀಗೆಯೇ ಇಂಗ್ಲಿಷ್ ಸಾಲುಗಳನ್ನು ಹುಟ್ಟಿಸಿ ತೋರಿಸಿದ್ದಾರೆ. ಪುಸ್ತಕವನ್ನು ಎಲ್ಲೋ ಒಂದು ಕಡೆ ತೆರೆದು ಒಂದು ಪದ ಬರೆದುಕೊಳ್ಳುವುದು, ಬೇರೊಂದು ಪುಟ ತೆರೆದು ಆ ಪದ ಸಿಗುವವರೆಗೆ ಓದುವುದು, ಸಿಕ್ಕ ಕಡೆ ಅದರ ಮುಂದಿನ ಪದ ಬರೆದುಕೊಳ್ಳುವುದು. ಮನೆಯಲ್ಲಿರುವ ಯಾವ ಕನ್ನಡ ಪುಸ್ತಕದಿಂದಲೂ ಇದನ್ನು ಮಾಡಿ ನೋಡಬಹುದು. ನಾಲ್ಕೈದು ಪದ ನೆಟ್ಟಗೆ ನಡೆದು ಆಮೇಲೆ ದಿಕ್ಕು ತಪ್ಪುತ್ತದೆ, ಏಕೆಂದರೆ ಒಂದೇ ಪದ ಹಿಂದಕ್ಕೆ ನೋಡುವ ಲೆಕ್ಕಕ್ಕೆ ತಾನು ಎಲ್ಲಿಂದ ಹೊರಟೆ ಎಂಬುದು ಮರೆತುಹೋಗಿರುತ್ತದೆ.

ಇಂದಿನ ಚಾಟ್‌ಜಿಪಿಟಿ, ಜೆಮಿನಿಯಂಥವು ಹೀಗೆ ದಿಕ್ಕು ತಪ್ಪುವುದಿಲ್ಲ. ಅವು ಒಂದು ಪದವನ್ನಲ್ಲ, ಹಿಂದಿನ ಸಾವಿರಾರು ಪದಗಳನ್ನು ಒಟ್ಟಿಗೆ ಗಣನೆಗೆ ತೆಗೆದುಕೊಳ್ಳುತ್ತವೆ. ಹಾಗಾಗಿ ವಾಕ್ಯದ ಆರಂಭದಲ್ಲಿ “ರೈತರು” ಎಂದಿದ್ದರೆ ಹತ್ತು ಪದಗಳಾಚೆ “ಮಾರುತ್ತಾರೆ” ಎಂದೇ ಬರುತ್ತದೆ, “ಮಾರುತ್ತದೆ” ಎಂದಲ್ಲ. ಚೀಟಿಗಳನ್ನೂ ಅವು ಇಟ್ಟುಕೊಂಡಿರುವುದಿಲ್ಲ. ಅಪಾರ ಬರಹವನ್ನು ತೋರಿಸಿ, ಮುಂದಿನ ಪದ ಮುಚ್ಚಿಟ್ಟು, ಊಹಿಸಲು ಬಿಟ್ಟು, ಊಹೆ ತಪ್ಪಿದಾಗಲೆಲ್ಲ ಒಳಗಿನ ಕೋಟ್ಯಂತರ ಸಂಖ್ಯೆಗಳನ್ನು ಕೂದಲೆಳೆಯಷ್ಟು ತಿದ್ದುತ್ತ ಹೋದಾಗ ಉಳಿಯುವ ಸಂಖ್ಯೆಗಳೇ ಆ ಯಂತ್ರ. ಅದಾದ ಮೇಲೆ ಇನ್ನೊಂದು ಸುತ್ತು ಇರುತ್ತದೆ: ಎರಡು ಉತ್ತರಗಳಲ್ಲಿ ಯಾವುದು ಮೇಲು ಎಂದು ಜನರಿಂದ ಹೇಳಿಸಿ, ಅವರು ಮೆಚ್ಚಿದ ಬಗೆಯ ಉತ್ತರದ ಸಂಭವ ಹೆಚ್ಚುವಂತೆ ಮತ್ತೆ ತಿದ್ದುತ್ತಾರೆ. ಅಚ್ಚುಕಟ್ಟಾದ, ಸೌಮ್ಯವಾದ, ಆತ್ಮವಿಶ್ವಾಸದ ಧಾಟಿ ಜನರಿಗೆ ಮೆಚ್ಚುಗೆಯಾಗುವುದು ಸಹಜ. ನುಣುಪಿನ ಮೇಲೆ ಇನ್ನೊಂದು ಪದರ ನುಣುಪು ಕೂಡುವುದು ಇಲ್ಲಿ.

ಎರಡನೇ ಆಕ್ಷೇಪಕ್ಕೆ ಉತ್ತರ ಮೇಲೆಯೇ ಬಂದುಹೋಗಿದೆ. “ಸುತ್ತಿ ಬಳಸಿ ಹೇಳೂದ್ಯಾಕ್ರೀ, ಅದು ಎಲ್ಲೆಲ್ಲಿಂದೋ ನಕಲು ಹೊಡೀತದ, ನಕಲಾದ್ದಕ್ಕೇ ನುಣುಪು” ಎಂದರು ಸುದ್ದಿಮನೆಯ ಗೆಳೆಯರೊಬ್ಬರು. ನಕಲಾಗಿದ್ದರೆ ಬಾಳೆಗೆ ಒಳ್ಳೆ ಬೆಲೆ ಎಂಬ ವಾಕ್ಯ ಬರುತ್ತಲೇ ಇರಲಿಲ್ಲ. ಬಹಳ ಸಲ ಮರುಮುದ್ರಣಗೊಂಡ ಪಠ್ಯಗಳನ್ನು ಈ ಯಂತ್ರಗಳು ಇದ್ದಂತೆಯೇ ಒಪ್ಪಿಸುವುದುಂಟು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೆಚ್ಚಿನ ಸಾಲುಗಳು ಹೊಸದಾಗಿ ಹೊಸೆದವು. ಪದಗಳನ್ನೂ ಅವು ಇಡಿಯಾಗಿ ಹಿಡಿಯುವುದಿಲ್ಲ, ತುಣುಕುಗಳಾಗಿ ಒಡೆದುಕೊಳ್ಳುತ್ತವೆ. ಕಮಲಾಪುರದಲ್ಲಿ ಎಂಬುದು “ಕಮಲಾ”, “ಪುರ”, “ದಲ್ಲಿ” ಎಂಬಂತೆ, ಕೆಲವೊಮ್ಮೆ ಅದಕ್ಕಿಂತ ಚಿಕ್ಕ ಚೂರುಗಳಾಗಿ ಒಡೆಯುತ್ತದೆ. ಊಹಿಸುವುದು ಮುಂದಿನ ತುಣುಕನ್ನು. ಪ್ರತ್ಯಯದ ಮೇಲೆ ಪ್ರತ್ಯಯ ಸೇರುವ ಕನ್ನಡದಲ್ಲಿ, ಹಿಂದೆಂದೂ ಕಾಣದ ರೂಪಗಳನ್ನೂ ಅದು ಸರಿಯಾಗಿ ಕೂಡಿಸುವುದು ಹೀಗೆ. ನಕಲನ್ನು ಹಿಡಿಯಲು ಮೂಲ ಹುಡುಕಿದರಾಯಿತು. ಇಲ್ಲಿ ಹುಡುಕಲು ಮೂಲವೇ ಇಲ್ಲ ಎಂಬುದು ನಕಲಿಗಿಂತ ಕಠಿಣ ಸಮಸ್ಯೆ, ಅದನ್ನು ಗೆಳೆಯರು ಗಮನಿಸಬೇಕೆಂದು ನನ್ನ ಕೋರಿಕೆ.

ಮೂರನೆಯದು ನನಗೆ ಎಲ್ಲಕ್ಕಿಂತ ಗಟ್ಟಿಯೆನಿಸಿದ ಆಕ್ಷೇಪ. ಕೇಳಿದವಳು ಗಣಿತ ಓದುವ ವಿದ್ಯಾರ್ಥಿನಿ. “ಬರೇ ಮುಂದಿನ ಪದ ಊಹಿಸತದ ಅಂತೀರಿ. ಹಂಗಿದ್ರ ಬಹಮನಿ ರಾಜ್ಯ ಯಾವಾಗ ಶುರುವಾಯ್ತು ಅಂದ್ರ 1347 ಅಂತ ಸರಿಯಾಗೇ ಹೇಳತದಲ್ರೀ ಸರ್? ಊಹೆ ಪ್ರತಿ ಸಲಾನೂ ಹೆಂಗ ಸರಿ ಬರತದ?”

ಸರಿ ಬರುತ್ತದೆ, ಕಾರಣವೂ ಇದೆ. ಮುಂದಿನ ಪದವನ್ನು ಚೆನ್ನಾಗಿ ಊಹಿಸಬೇಕಾದರೆ ಎಷ್ಟೋ ಸಂಗತಿಗಳು ಒಳಗಿನ ಸಂಖ್ಯೆಗಳಲ್ಲಿ ಅಚ್ಚಾಗಲೇಬೇಕು. ಕಲಬುರಗಿ, ಬಹಮನಿ, ಸ್ಥಾಪನೆ ಎಂಬ ಪದಗಳು ಒಟ್ಟಿಗೆ ಬಂದ ಕಡೆ 1347 ಎಂಬ ಇಸವಿ ಪಠ್ಯಪುಸ್ತಕಗಳಲ್ಲಿ, ಪ್ರವಾಸಿ ಕೈಪಿಡಿಗಳಲ್ಲಿ, ಹಲವು ಭಾಷೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಬೇರೆ ಯಾವ ಸಂಖ್ಯೆಗೂ ಅಲ್ಲಿ ಹತ್ತಿರ ಸುಳಿಯುವ ಸಂಭವವಿಲ್ಲ. ಆದ್ದರಿಂದ “ಬರೀ ಊಹೆ” ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಬಹಳ ಜನ ಬಹಳ ಸಲ ಬರೆದ ಸಂಗತಿಯಲ್ಲಿ ಸಂಭವವೂ ಸತ್ಯವೂ ಒಂದೇ ಕಡೆ ಸೇರುತ್ತವೆ.

ಕಷ್ಟವಿರುವುದು ಕಡಿಮೆ ಬರೆದ ಸಂಗತಿಗಳಲ್ಲಿ, ಮತ್ತು ನಮ್ಮ ಕಮಲಾಪುರವೇ ಅದಕ್ಕೆ ನಿದರ್ಶನ. ಕರ್ನಾಟಕದಲ್ಲಿ ಆ ಹೆಸರಿನ ಇನ್ನೊಂದು ಪ್ರಸಿದ್ಧ ಊರಿದೆ, ಹೊಸಪೇಟೆ ಪಕ್ಕದ ಕಮಲಾಪುರ. ಅದು ಹಂಪಿಯ ಬಾಗಿಲಲ್ಲಿದೆ. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ ಅಲ್ಲಿದೆ, ವಿಜಯನಗರ ಕಾಲದ ದೊಡ್ಡ ಕೆರೆ ಅಲ್ಲಿದೆ. ಹಂಪಿಯ ಬಗ್ಗೆ ಬರೆದವರೆಲ್ಲ ಆ ಊರಿನ ಹೆಸರನ್ನೂ ಬರೆದಿರುತ್ತಾರೆ. ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ರಸ್ತೆಯಲ್ಲಿರುವ ನಮ್ಮ ಕಮಲಾಪುರದ ಬಗ್ಗೆ ಬರೆದವರು ಎಷ್ಟು ಮಂದಿ? ಕೆಂಪು ಬಾಳೆ, ತಾಲ್ಲೂಕು ಕೇಂದ್ರವಾದದ್ದು, ಸುದ್ದಿಪತ್ರಿಕೆಯ ಒಳಪುಟದ ವರದಿಗಳು. ಹೀಗಿರುವಾಗ ಹಿಂದೆಮುಂದೆ ಏನೂ ಹೇಳದೆ “ಕಮಲಾಪುರದ ಇತಿಹಾಸ ಬರೆ” ಎಂದರೆ ಸಂಭವದ ತಕ್ಕಡಿ ಯಾವ ಕಡೆ ವಾಲುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಕೃಷ್ಣದೇವರಾಯ ಬರುತ್ತಾನೆ, ತುಂಗಭದ್ರೆ ಬರುತ್ತಾಳೆ. “ಕಲಬುರಗಿ ಜಿಲ್ಲೆಯ ಕಮಲಾಪುರ” ಎಂದು ಸೇರಿಸಿದರೆ ಸಂಭವಗಳು ಬೇರೆಯಾಗುತ್ತವೆ, ಕೆಂಪು ಬಾಳೆ ಮುಂದೆ ಬರುತ್ತದೆ. ಅಲ್ಲಿಗೆ ಅಪಾಯ ಮುಗಿಯಲಿಲ್ಲ. “ಇಲ್ಲಿಯ ಗುಡಿ ಕಟ್ಟಿದ್ದು” ಎಂದು ಬರೆಯತೊಡಗಿದ ವಾಕ್ಯ ಒಂದು ಇಸವಿಯನ್ನೋ ಶತಮಾನವನ್ನೋ ಬಯಸುತ್ತದೆ. ಆ ಗುಡಿಯ ಕಾಲವನ್ನು ಯಾರೂ ಎಲ್ಲೂ ಬರೆದಿರದಿದ್ದರೂ ಖಾಲಿ ಜಾಗ ಖಾಲಿಯಾಗಿ ಉಳಿಯುವುದಿಲ್ಲ. ಈ ಭಾಗದ ಗುಡಿಗಳ ಬಗ್ಗೆ ಬರೆಯುವಾಗ ರೂಢಿಯಲ್ಲಿ ಬರುವ ಪದ, “ಹನ್ನೆರಡನೇ ಶತಮಾನ”, “ಕಲ್ಯಾಣ ಚಾಲುಕ್ಯರು”, ಬಂದು ಕೂರುತ್ತದೆ.

ವಿದ್ಯಾರ್ಥಿನಿಗೆ ನಾನು ತೋರಿಸಬೇಕಾಗಿದ್ದ ಮುಖ್ಯ ಸಂಗತಿ ಇಲ್ಲಿದೆ. 1347 ಎಂದು ಬರೆಯುವಾಗ ಯಂತ್ರದ ಲೆಕ್ಕದಲ್ಲಿ ಆ ಒಂದು ಸಂಖ್ಯೆಗೆ ಸಿಂಹಪಾಲು ಸಂಭವ ಇರಬಹುದು. ಗುಡಿಯ ಶತಮಾನ ಬರೆಯುವಾಗ ಹತ್ತು ಆಯ್ಕೆಗಳು ತುಸು ಹೆಚ್ಚುಕಡಿಮೆಯಲ್ಲಿ ನಿಂತಿರಬಹುದು. ಒಳಗೆ ಈ ವ್ಯತ್ಯಾಸ ಸಂಖ್ಯೆಯಾಗಿ ಇದ್ದೇ ಇರುತ್ತದೆ. ಆದರೆ ಪರದೆಗೆ ಬರುವುದು ಆರಿಸಿದ ಪದ ಮಾತ್ರ, ಅದು ಎಷ್ಟು ಅಂತರದಿಂದ ಗೆದ್ದಿತು ಎಂಬುದು ಬರುವುದಿಲ್ಲ. ಕಮಲಾಪುರದ ಬಸ್ ನಿಲ್ದಾಣದಲ್ಲಿ ದಾರಿ ಕೇಳಿದರೆ, ಸರಿಯಾಗಿ ಗೊತ್ತಿಲ್ಲದ ಹಿರಿಯರು “ಆ ಕಡೀಗಿ ಇರಬೇಕ್ರೆಪಾ” ಎನ್ನುತ್ತಾರೆ. ಆ “ಇರಬೇಕ್ರೆಪಾ” ಕೇಳಿದ ಕೂಡಲೇ ಇನ್ನೊಬ್ಬರನ್ನು ವಿಚಾರಿಸಬೇಕು ಎಂದು ನಮಗೆ ತಿಳಿಯುತ್ತದೆ. ಯಂತ್ರದ ವಾಕ್ಯದಲ್ಲಿ ಆ ಸುಳಿವು ಅಳಿಸಿಹೋಗಿರುತ್ತದೆ. ಕೆಲವೊಮ್ಮೆ “ಖಚಿತ ಮಾಹಿತಿ ಲಭ್ಯವಿಲ್ಲ” ಎಂದು ಅದು ಬರೆಯುವುದುಂಟು, ಹಾಗೆ ಬರೆಯುವಂತೆ ಅದನ್ನು ತಿದ್ದುವ ಪ್ರಯತ್ನವೂ ನಡೆದಿದೆ. ಆದರೆ ಆ ಸಾಲು ಬರಲಿಲ್ಲ ಎಂಬ ಕಾರಣಕ್ಕೆ ಮಾಹಿತಿ ಖಚಿತ ಎಂದು ತೀರ್ಮಾನಿಸುವಂತಿಲ್ಲ.

“ಈಗ ಅದು ಅಂತರ್ಜಾಲದಾಗ ಹುಡುಕಿ ಹೇಳತದಲ್ಲ” ಎಂಬ ಮಾತು ಇದರ ಬೆನ್ನಿಗೇ ಬಂತು. ಹುಡುಕುವುದು ಒಳ್ಳೆಯದೇ. ಸಿಕ್ಕ ಪುಟದ ಸಾಲುಗಳು ನಿಮ್ಮ ಪ್ರಶ್ನೆಯ ಜೊತೆ ಸೇರಿ ಹಿಂದಿನ ಪದಗಳಾಗುತ್ತವೆ, ಮುಂದಿನ ಪದದ ಸಂಭವ ಅವುಗಳ ಕಡೆ ವಾಲುತ್ತದೆ, ತಪ್ಪು ಕಡಿಮೆಯಾಗುತ್ತದೆ. ಕೊನೆಯ ವಾಕ್ಯ ಕಟ್ಟುವ ವಿಧಾನ ಮಾತ್ರ ಬದಲಾಗುವುದಿಲ್ಲ. ಸಿಕ್ಕ ಪುಟ ಹೊಸಪೇಟೆ ಪಕ್ಕದ ಕಮಲಾಪುರದ್ದಾಗಿದ್ದರೆ ಉತ್ತರವೂ ಅದೇ ಊರಿನದು. ಅದು ತೋರಿಸಿದ ಪುಟವನ್ನು ತೆರೆದು ಓದಿದವರಿಗೆ ಮಾತ್ರ ಆ ತಪ್ಪು ಕಾಣುತ್ತದೆ.

ನಾಲ್ಕನೇ ಆಕ್ಷೇಪಕ್ಕೆ ಉತ್ತರಿಸುವಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಅದರ ಹಿಂದಿರುವುದು ನಮ್ಮ ಭಾಗದವರ ಹಳೆಯ ನೋವು. “ನಮ್ಮ ಹುಡುಗರು ಬರೆದದ್ದಕ್ಕ ಕಚೇರ್ಯಾಗ ನಗತಾರ. ಯಂತ್ರ ತಿದ್ದಿ ಕೊಟ್ರ ಭಾಷಾ ಶುದ್ಧ ಆಗತದ. ನುಣುಪಾದ್ರ ಲುಕ್ಸಾನ್ ಏನದ?” ಎಂದರು ಕಮಲಾಪುರದ ಪಾಲಕರೊಬ್ಬರು.

ಕಾಗುಣಿತ ತಿದ್ದಿಸಿಕೊಳ್ಳಲಿ, ಅದಕ್ಕೆ ನನ್ನ ವಿರೋಧವಿಲ್ಲ. ನಷ್ಟ ಆಗುವುದು ಎಲ್ಲಿ ಎಂದು ಒಂದು ಅರ್ಜಿಯನ್ನು ಇಟ್ಟುಕೊಂಡು ನೋಡೋಣ. ಬಾಳೆ ಬೆಳೆಗಾರರೊಬ್ಬರು ಮಗನಿಗೆ ಹೇಳಿ ಬರೆಸುತ್ತಾರೆ ಎಂದುಕೊಳ್ಳಿ: “ಈ ಸಲ ಬೆಳಿ ಛಲೋ ಅದ, ರೇಟ್ ಇಲ್ಲ. ತಗೊಂಡು ಹೋಗವ್ರು ಬರ್ಲಿಲ್ಲ, ಗೊನಿ ಗಿಡದಾಗೇ ಹಣ್ಣಾಗ್ಯಾವ.” ಈ ನಾಲ್ಕು ಸಣ್ಣ ಮಾತಿನಲ್ಲಿ ಅಧಿಕಾರಿಗೆ ಬೇಕಾದುದೆಲ್ಲ ಇದೆ. ಬೆಳೆ ಹಾಳಾಗಿಲ್ಲ, ಆದ್ದರಿಂದ ಇದು ಬೆಳೆಹಾನಿಯ ಪರಿಹಾರದ ಪ್ರಶ್ನೆಯಲ್ಲ. ಕೊಳ್ಳುವವರು ಬಂದಿಲ್ಲ. ಹಣ್ಣು ಇನ್ನೂ ತೋಟದಲ್ಲಿದೆ, ಸಮಯ ಕಡಿಮೆ. ಇದನ್ನು “ಚೆನ್ನಾಗಿ ಬರೆದುಕೊಡು” ಎಂದು ಯಂತ್ರಕ್ಕೆ ಕೊಟ್ಟರೆ ಬರಬಹುದಾದ ಸಾಲು ಇಂಥದ್ದು: “ಬಾಳೆ ಬೆಳೆಗಾರರು ಹಲವು ಸವಾಲುಗಳನ್ನು ಎದುರಿಸುತ್ತಿದ್ದು, ಸೂಕ್ತ ಮಾರುಕಟ್ಟೆ ಸೌಲಭ್ಯದ ಕೊರತೆಯಿಂದ ಸಂಕಷ್ಟಕ್ಕೀಡಾಗಿದ್ದಾರೆ.”

ಹೀಗೇಕಾಗುತ್ತದೆ ಎಂಬುದಕ್ಕೆ ಉತ್ತರ ಮತ್ತೆ ಸಂಭವದಲ್ಲಿದೆ. “ಹಲವು” ಆದ ಮೇಲೆ “ಸವಾಲುಗಳನ್ನು”, “ಸವಾಲುಗಳನ್ನು” ಆದ ಮೇಲೆ “ಎದುರಿಸುತ್ತಿದ್ದಾರೆ” ಎಂಬುದು ಸಾವಿರಾರು ವರದಿಗಳಲ್ಲಿ ತುಳಿದು ಸವೆದ ದಾರಿ. “ಗೊನಿ ಗಿಡದಾಗೇ ಹಣ್ಣಾಗ್ಯಾವ” ಎಂಬುದು ಅಚ್ಚಿನಲ್ಲಿ ಬಲು ಅಪರೂಪ. ಕಲಬುರಗಿಯ ಆಡುಮಾತು ಬರಹಕ್ಕೆ ಇಳಿದದ್ದೇ ಕಡಿಮೆ, ಹಾಗಾಗಿ “ಅದ” ಎಂಬುದು “ಇದೆ” ಆಗುತ್ತದೆ. ಅಷ್ಟೇ ಆದರೆ ಸಹಿಸಬಹುದು. ಭಾಷೆಯ ಜೊತೆ ಅಪರೂಪದ ಸಂಗತಿಯೂ ಕೊಚ್ಚಿಹೋಗುತ್ತದೆ, ಏಕೆಂದರೆ ಒಬ್ಬ ರೈತನ ಒಂದು ವಾರದ ಸಂಗತಿ ಎಂಬುದೇ ಸಂಭವ ಕಡಿಮೆ ಇರುವ ವಿಷಯ. ಯಂತ್ರದ ಸಾಲನ್ನು ಓದಿದ ಅಧಿಕಾರಿಗೆ ಈ ವಾರ ಲಾರಿ ಕಳಿಸಬೇಕೋ, ಮುಂದಿನ ವರ್ಷ ಸಭೆ ಕರೆಯಬೇಕೋ ತಿಳಿಯುವುದಿಲ್ಲ. ಆ ಪಾಲಕರು ಹೆದರಿದ ನಗೆ ಬರಲಿಕ್ಕಿಲ್ಲ, ಆದರೆ ಅರ್ಜಿ ಕಡತದಲ್ಲಿ ಕೂರುತ್ತದೆ. ಹುಡುಗ ತನ್ನ ಅಪ್ಪ ಹೇಳಿದ್ದನ್ನೇ ಗ್ರಾಂಥಿಕ ರೂಪದಲ್ಲಿ ಬರೆದಿದ್ದರೆ, “ಈ ಬಾರಿ ಬೆಳೆ ಚೆನ್ನಾಗಿದೆ, ಆದರೆ ಬೆಲೆ ಇಲ್ಲ; ಕೊಳ್ಳುವವರು ಬಾರದೆ ಗೊನೆಗಳು ಗಿಡದಲ್ಲೇ ಹಣ್ಣಾಗಿವೆ”, ಯಾರೂ ನಗುತ್ತಿರಲಿಲ್ಲ, ಸಂಗತಿಯೂ ಉಳಿಯುತ್ತಿತ್ತು.

ಕೊನೆಯ ಆಕ್ಷೇಪ, ಹೊಸಬರಿಗೆ ಇಷ್ಟೆಲ್ಲ ಹೇಳಿ ಗೊಂದಲ ಮಾಡಬಾರದು, “ತಪ್ಪಾಗಬಹುದು, ಪರಿಶೀಲಿಸಿ” ಎಂದರೆ ಸಾಕು ಎಂಬುದು. ಸಾಲದು. ಏನನ್ನು ಪರಿಶೀಲಿಸಬೇಕೆಂದು ಆ ಮಾತು ಹೇಳುವುದಿಲ್ಲ, ಎಲ್ಲವನ್ನೂ ಪರಿಶೀಲಿಸುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಮುಂದಿನ ಪದದ ಲೆಕ್ಕ ತಿಳಿದ ಹುಡುಗಿಗೆ ಎಲ್ಲಿ ಬೆರಳಿಡಬೇಕೆಂದು ಗೊತ್ತಿರುತ್ತದೆ. ವ್ಯಾಕರಣದ ಮೇಲೆ, ಕಟ್ಟಣೆಯ ಮೇಲೆ, ಎಲ್ಲರೂ ಬರೆದ ಸಂಗತಿಯ ಮೇಲೆ ಅವಳು ಸಮಯ ಕಳೆಯುವುದಿಲ್ಲ. ಇಸವಿ, ಮೊತ್ತ, ವ್ಯಕ್ತಿಯ ಹೆಸರು, ಸಣ್ಣ ಊರಿನ ವಿವರ ಇವುಗಳ ಕೆಳಗೆ ಗೆರೆ ಎಳೆಯುತ್ತಾಳೆ. ಹಿಂದಿನ ಮಾತುಕತೆಯ ನೆರಳು ಬೀಳದಂತೆ, ಪ್ರತಿ ಸಲ ಹೊಸದಾಗಿ ತೆರೆದು, ಅದೇ ಪ್ರಶ್ನೆಯನ್ನು ಮೂರು ನಾಲ್ಕು ಬಾರಿ ಕೇಳುತ್ತಾಳೆ. ಗುಡಿ ಒಮ್ಮೆ ಹನ್ನೆರಡನೇ ಶತಮಾನದ್ದು, ಇನ್ನೊಮ್ಮೆ ಹದಿನಾರನೆಯದು ಎಂದು ಬಂದು, ಧಾಟಿ ಮಾತ್ರ ಅಷ್ಟೇ ಗಟ್ಟಿಯಾಗಿದ್ದರೆ ಆ ವಿವರಕ್ಕೆ ಕೆಳಗೆ ನೆಲವಿಲ್ಲ ಎಂದು ತಿಳಿಯುತ್ತಾಳೆ. ಎಲ್ಲ ಸಲವೂ ಒಂದೇ ಉತ್ತರ ಬಂದರೆ ಅದು ಬಹಳ ಕಡೆ ಬರೆದದ್ದಿರಬಹುದು ಎಂದಷ್ಟೇ ಅರ್ಥ, ಬಹಳ ಕಡೆ ಬರೆದ ತಪ್ಪೂ ಇರಬಹುದು. ಆಗ ಗುಡಿಯ ಶಾಸನ ಓದಿದವರನ್ನು, ಗೆಜೆಟಿಯರನ್ನು, ಇಲ್ಲವೇ ಬಾಳೆಯ ಧಾರಣೆಯಾದರೆ ನೇರವಾಗಿ ಮಾರುಕಟ್ಟೆಯನ್ನು ಕೇಳಬೇಕು. ಇಷ್ಟನ್ನು ಆರು ಚೀಟಿ ಇಟ್ಟುಕೊಂಡು ಅರ್ಧ ಗಂಟೆಯಲ್ಲಿ ಕಲಿಸಬಹುದು. ಗೊಂದಲವಾಗುತ್ತದೆ ಎನ್ನುವವರು ಮುಂದಿನ ಸಲ ಬಂದು ಹುಡುಗರ ಪಕ್ಕದಲ್ಲೇ ಕುಳಿತು ಎಣಿಸಲಿ ಎಂದು ಕರೆಯುತ್ತೇನೆ.